ಹೊಡೆದು ಹಾಕಿದ ಒಂದು ಸಾಲು

ಠಾಣೆಯಲ್ಲಿ ಅವಳಿಗೆ ರೈಟರಮ್ಮ ಎಂದೇ ಹೆಸರು. ಹದಿನಾಲ್ಕು ವರ್ಷದಿಂದ ಅಲ್ಲಿನ ಕಾಗದಪತ್ರವೆಲ್ಲ ಅವಳ ಕೈಯದು, ಮುತ್ತು ಪೋಣಿಸಿದಂಥ ಅಕ್ಷರ. ಇದ್ದದ್ದು ಒಂದೇ ಒಂದು ಚಾಳಿ: ನಮೂನೆಯಲ್ಲಿ ಖಾಲಿ ಜಾಗ ಕಂಡರೆ ಅವಳಿಗೆ ಆಗದು. ಬಂಧನದ ಪತ್ರ ಕೈಗೆ ಬಂದರೆ ತಲೆಯಿಂದ ಬುಡದವರೆಗೆ ಒಂದೇ ಉಸಿರಿಗೆ ತುಂಬಿಬಿಡುತ್ತಿದ್ದಳು. ‘ಸಂಬಂಧಿಕರಿಗೆ ಫೋನ್ ಮೂಲಕ ತಿಳಿಸಲಾಗಿದೆ’ ಎಂದು ಮೊದಲು ಬರೆದು, ಆಮೇಲೆ ಫೋನು ಮಾಡುವುದು. ಹೇಗಿದ್ದರೂ ಮಾಡುವುದು ಇದ್ದೇ ಇದೆಯಲ್ಲ, ಯಾವುದು ಮೊದಲಾದರೇನು ಎಂಬುದು ಅವಳ ಲೆಕ್ಕ.

ಆ ಶನಿವಾರ ಬೆಳಿಗ್ಗೆ ಬೀಗದಣ್ಣನನ್ನು ಅವನ ಗೂಡಂಗಡಿಯಲ್ಲೇ ಹಿಡಿದರು. ಕೀಲಿ ಮಾಡುವ ಮೇಜಿನ ಮೇಲಿದ್ದ ಅರದ ಪುಡಿಯನ್ನು ಒರೆಸಿ ರೈಟರಮ್ಮ ಅಲ್ಲೇ ಬರೆಯಲು ಕೂತಳು. ಜೊತೆಗೆ ಬಂದಿದ್ದ ಇನ್ಸ್‌ಪೆಕ್ಟರ್ ಸಾಹೇಬರಿಗೆ ಆತುರ. ನಾಲ್ಕು ಗಂಟೆಗೆ ಇವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಕಾರಣ ಅಂತ ಕಲಂ ನಂಬರು ಬರೆದರೆ ಸಾಕು ಎಂದರು.

“ನಂಬರು ನೋಡಿದ್ರೆ ಅವನಿಗೇನು ತಿಳಿಯುತ್ತೆ ಸಾರ್? ಯಾಕೆ ಹಿಡಿದಿದೀವಿ ಅಂತ ಅವನಿಗೆ ಅರ್ಥ ಆಗಬೇಕು. ಕೋರ್ಟಲ್ಲೂ ಮೊದಲು ಅದನ್ನೇ ಕೇಳ್ತಾರೆ.”

ಹಾಗೆಂದು ಅವಳು ಬಿಡಿಸಿ ಬರೆದಳು, ಅವನಿಗೆ ಓದಿಯೂ ಹೇಳಿದಳು: ಇದೇ ತಿಂಗಳ ಒಂಬತ್ತರಂದು, ಮಂಗಳವಾರ, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ನೀರಿನ ಟ್ಯಾಂಕಿನ ಪಕ್ಕದ ಮನೆಗೆ ನಕಲಿ ಕೀಲಿಯಿಂದ ನುಗ್ಗಿ ಒಡವೆ ಕದ್ದ ಆರೋಪ, ಬಾಗಿಲಲ್ಲೇ ಉಳಿದಿದ್ದ ಕೀಲಿಯ ಮೇಲೆ ಅವನ ಅಂಗಡಿಯ ಗುರುತು. ಬೀಗದಣ್ಣ ಬೆಪ್ಪಾಗಿ ಕೂತ. ದಿನಕ್ಕೆ ಇಪ್ಪತ್ತು ಕೀಲಿ ಉಜ್ಜುವವನು, ಆ ಕೀಲಿ ಯಾರು ಮಾಡಿಸಿದರೋ! ಹನ್ನೊಂದು ದಿನದ ಹಿಂದಿನ ಮಧ್ಯಾಹ್ನ ತಾನೆಲ್ಲಿದ್ದೆ ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಹೆಂಡತಿಗೆ ತಿಳಿಸಿ ಎಂದು ನಂಬರು ಕೊಟ್ಟ, ರುಜು ಹಾಕಿದ. ಪಕ್ಕದ ಚಪ್ಪಲಿ ಹೊಲಿಯುವವನು ಸಾಕ್ಷಿಗೆ ರುಜು ಹಾಕಿದ. ಒಂದು ಪ್ರತಿ ಬೀಗದಣ್ಣನ ಜೇಬಿಗೆ ಹೋಯಿತು.

ಆಮೇಲೆ ರೈಟರಮ್ಮ ಫೋನು ಮಾಡಿದಳು. ಸ್ವಿಚ್ ಆಫ್. ಠಾಣೆಗೆ ಬಂದು ಮೂರು ಸಲ ಮಾಡಿದರೂ ಅದೇ ಪಾಡು.

ತಿಳಿಸಲಾಗಿದೆ ಅಂತ ಬರೆದಾಯ್ತಲ್ಲ, ಸಂಜೆ ಮತ್ತೆ ಮಾಡಿದರಾಯ್ತು ಎಂದರು ಸಾಹೇಬರು. ಬೆಂಚಿನ ಮೇಲೆ ಕೂತಿದ್ದ ಬೀಗದಣ್ಣ ಮೆಲ್ಲಗೆ ಕೇಳಿದ: “ಅಕ್ಕಾ, ಅವಳು ಬರ್ತೀನಿ ಅಂದಳಾ?”

ರೈಟರಮ್ಮ ಬಂಧನದ ಪತ್ರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಸಂಜೆಯ ಹೊತ್ತಿಗೆ ಇವನು ಜೈಲಿನಲ್ಲಿರುತ್ತಾನೆ, ಮನೆಯವರಿಗೆ ಸುಳಿವೇ ಇರುವುದಿಲ್ಲ. ತನ್ನ ಚೆಂದದ ಅಕ್ಷರ ಮಾತ್ರ ಹಸಿ ಸುಳ್ಳು ಹೇಳುತ್ತಾ ಕೂತಿರುತ್ತದೆ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದಳು, ಪಕ್ಕದಲ್ಲಿ ಚಿಕ್ಕ ರುಜು ಹಾಕಿ ಹೊತ್ತು ನಮೂದಿಸಿದಳು. ಬೀಗದಣ್ಣನ ಪ್ರತಿಯನ್ನೂ ಇಸಿದುಕೊಂಡು ಹಾಗೇ ತಿದ್ದಿದಳು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲ ಗೀಟು.

“ಇನ್ನೂ ಹೇಳಿಲ್ಲಪ್ಪ. ಅವಳು ಕೆಲಸಕ್ಕೆ ಹೋಗೋದೆಲ್ಲಿ?”

ಹೆಂಡತಿ ಎರಡು ಬೀದಿ ಆಚೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಒಳಗೆ ಹೋಗುವಾಗ ಫೋನು ಆಫ್ ಮಾಡಿ ಬಾಗಿಲಲ್ಲೇ ಪೆಟ್ಟಿಗೆಗೆ ಹಾಕಬೇಕಂತೆ. ಗಡಗಡ ಸದ್ದಿನ ನಡುವಿನಿಂದ ಅವಳನ್ನು ಹೊರಗೆ ಕರೆಸಿ ರೈಟರಮ್ಮ ಎಲ್ಲ ಹೇಳಿದಳು: ಗಂಡನನ್ನು ಬಂಧಿಸಿದ್ದೇವೆ, ಇಂಥ ಠಾಣೆಯಲ್ಲಿದ್ದಾನೆ, ಇಂಥ ದಿನ, ಇಂಥ ಹೊತ್ತಿನ ಆರೋಪ. ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡು ನಿಂತಿದ್ದವಳ ಕಣ್ಣು ಮೊದಲು ತುಂಬಿಕೊಂಡಿತು. ಮರುಗಳಿಗೆಗೆ ಹುಬ್ಬು ಗಂಟಿಕ್ಕಿತು.

“ಒಂಬತ್ತು, ಮಂಗಳವಾರ ಅಂದ್ರಾ? ಮಂಗಳವಾರ ನನಗೆ ರಜೆ. ಊಟಕ್ಕೆ ಬರ್ತೀನಿ ಅಂದೋನು ನಾಲ್ಕೂವರೆಗೆ ಬಂದ ಮಹಾರಾಯ. ಶಾಲೇಲಿ ಪ್ರಶ್ನೆಪತ್ರಿಕೆ ಇಟ್ಟ ಬೀರು ಬಾಗಿಲು ಸಿಕ್ಕಿಹಾಕ್ಕೊಂಡಿತ್ತಂತೆ. ನಾನು ಬೈದಿದ್ದು ಅವನು ಮರೆತಿರಬಹುದು, ನಾನು ಮರೆತಿಲ್ಲ.”

ಮುಂದಿನದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಾಹೇಬರು ಗೊಣಗುತ್ತಲೇ ಶಾಲೆಗೆ ಹೋದರು. ಬಂದುಹೋಗುವವರ ಪುಸ್ತಕದಲ್ಲಿ ಬೀಗದಣ್ಣ ಒಳಗೆ ಹೋದದ್ದು ಒಂದೂವರೆಗೆ, ಹೊರಗೆ ಬಂದದ್ದು ನಾಲ್ಕು ಹತ್ತಕ್ಕೆ. ಅಷ್ಟೂ ಹೊತ್ತು ಅವನ ಪಕ್ಕದಲ್ಲೇ ನಿಂತಿದ್ದೆ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಕೆ ಕೊಟ್ಟರು. ಹಿಡಿದಿಡಲು ಸಾಕಷ್ಟು ಆಧಾರವಿಲ್ಲ ಎಂದು ಬರೆದು, ಕರೆದಾಗ ನ್ಯಾಯಾಲಯಕ್ಕೆ ಬರುತ್ತೇನೆಂಬ ಮುಚ್ಚಳಿಕೆ ಬರೆಸಿಕೊಂಡು ಸಾಹೇಬರು ಅವನನ್ನು ಬಿಟ್ಟರು.

“ಇಷ್ಟು ಚೆಂದದ ಹಾಳೇಲಿ ಗೀಟು ಹಾಕಿದೀರಲ್ಲ ರೈಟರಮ್ಮ,” ಎಂದು ಅವರು ಕಾಲೆಳೆದರು.

“ಅದೊಂದೇ ಸಾರ್ ಅದರಲ್ಲಿ ನೋಡೋ ಹಾಗಿರೋದು,” ಎಂದಳು ಅವಳು. ನಗು ಬಂತು, ಮನಸ್ಸು ಹಗುರಾಯಿತು. ಗೀಟಿನ ಕೆಳಗೆ ಆಗಲೇ ಸಣ್ಣಕ್ಷರದಲ್ಲಿ ಬರೆದಿದ್ದಳು: ‘ಹೆಂಡತಿಗೆ ಖುದ್ದಾಗಿ ತಿಳಿಸಲಾಗಿದೆ, ಹನ್ನೆರಡು ನಲವತ್ತು.’

ಬಾಗಿಲಲ್ಲಿ ಬೀಗದಣ್ಣನ ಹೆಂಡತಿ ಗೋಡೆ ಗಡಿಯಾರ ನೋಡಿದಳು. ನಾಲ್ಕೂವರೆ.

“ಇವತ್ತೂ ಊಟಕ್ಕೆ ಇದೇ ಹೊತ್ತು ಮಾಡಿದೆಯಲ್ಲ. ನಡಿ,” ಎಂದು ಗಂಡನ ತೋಳು ಹಿಡಿದು ಕರೆದುಕೊಂಡು ಹೋದಳು.