ಬೇಕರಿಯವರ ಉಂಗುರ

ಆಭರಣದಂಗಡಿಯ ಗಲ್ಲಾದಲ್ಲಿ ಮೂವತ್ತು ವರ್ಷ ಕೂತ ಅತ್ತೆ, ಬೆರಳಲ್ಲಿದ್ದ ಉಂಗುರಕ್ಕೆ ಮಾತ್ರ ಲೂಪ್, ಅಂದರೆ ಕಲ್ಲು ಪರೀಕ್ಷಿಸುವ ಪುಟ್ಟ ಭೂತಗನ್ನಡಿ, ಹಿಡಿದಿರಲಿಲ್ಲ. ಪಕ್ಕದ ಬೀದಿಯ ಬೇಕರಿಯವರು ವಜ್ರ ಅಂತ ಹೇಳಿ ಕೊಟ್ಟದ್ದು. ಅತ್ತೆಯನ್ನು ಮದುವೆಯಾಗಲು ಒಪ್ಪಿಗೆ ಕೇಳಿ ಅವರೇ ಮಧ್ಯಾಹ್ನ ಬರುವವರಿದ್ದರು.

"ನೀನೇ ನೋಡು," ಎಂದು ಉಂಗುರ ಕಳಚಿ, ಅಣ್ಣನ ಮಗನಾದ ಅಳಿಯನ ಮುಂದೆ ಚಾಚಿದರು. "ನಂಗೆ ಧೈರ್ಯ ಇಲ್ಲ."

ಅಳಿಯ ಕೆಲಸ ಕಲಿಯಲು ಶುರು ಮಾಡಿ ತಿಂಗಳಾಗಿತ್ತು. ಗತ್ತು ಮಾತ್ರ ಮೂರು ತಲೆಮಾರಿನದ್ದು. ಲೂಪನ್ನು ಕಣ್ಣಿಗೆ ಒತ್ತಿ, ಉಂಗುರವನ್ನು ಒಂದಂಗುಲದ ಹತ್ತಿರಕ್ಕೆ ತಂದ.

"ಅಯ್ಯೋ ಅತ್ತೆ, ಒಳಗೆ ಕಪ್ಪು ಚುಕ್ಕಿ!"

"ಒರೆಸೋ, ಪುಣ್ಯಾತ್ಮ."

ಒರೆಸಿದ. ಚುಕ್ಕಿ ಬಟ್ಟೆಗೆ ಬಂತು.

"ಈಗ ಕ್ಲೀನು. ಒಂದು ಗೀರಿಲ್ಲ, ಗುಳ್ಳೆಯಿಲ್ಲ. ಅಪ್ಪಟ ವಜ್ರ. ಹೂಂ ಅಂದ್ಬಿಡಿ."

"ಏನೂ ಕಾಣಲಿಲ್ಲ ಅಂದ್ರೆ ಅದು ವಜ್ರಾನಾ? ನೀನು ನೆತ್ತಿಯಿಂದ ನೇರ ನೋಡ್ತಿದೀಯ. ಓರೆ ಮಾಡು. ಪಕ್ಕದ ಮುಖದಿಂದ ತಳದ ಗೆರೆಗಳನ್ನ ನೋಡು."

ಅಳಿಯ ಓರೆ ಮಾಡಿದ, ಲೂಪ್ ಜಾರಿತು, ಕಲ್ಲಿನ ಬದಲು ಗಾಜಿನಲ್ಲಿ ಕಂಡ ತನ್ನದೇ ರೆಪ್ಪೆಯನ್ನು ಮೆಚ್ಚಿಕೊಂಡ. "ಎಲ್ಲಾ ಒಂದೇ ಥರ ಮಿಂಚ್ತಿದೆ, ಅತ್ತೆ."

ಅತ್ತೆ ಕಿತ್ತುಕೊಂಡರು. ಎರಡೂ ಕಣ್ಣು ತೆರೆದು, ಕೈಗೆ ಕೈ ಆನಿಸಿ, ಕಲ್ಲನ್ನು ನಿಧಾನವಾಗಿ ವಾಲಿಸಿದರು. ತಳದ ಗೆರೆಗಳು ಜೋಡಿಜೋಡಿಯಾಗಿ ಕಂಡವು. ವಜ್ರದಲ್ಲಿ ಹಾಗಾಗುವುದಿಲ್ಲ. ಮೊಯ್ಸನೈಟ್, ಕಾರ್ಖಾನೆಯ ಕಲ್ಲು.

"ಮೂರ್ಖಳು ಅಂದ್ಕೊಂಡಿದಾನೆ ನನ್ನ, ಆ ಬೇಕರಿಯವನು," ಎಂದರು. ದನಿ ಮಾತ್ರ ತೆಳ್ಳಗಾಗಿತ್ತು.

ಅಷ್ಟರಲ್ಲಿ ಬೇಕರಿಯವರು ಮೀಸೆಗೆಲ್ಲ ಮೈದಾ ಮೆತ್ತಿಕೊಂಡು ಒಳಗೆ ಬಂದರು. ಅತ್ತೆ ನಮಸ್ಕಾರವೂ ಹೇಳದೆ ಉಂಗುರವನ್ನೂ ಲೂಪನ್ನೂ ಅವರ ಮುಂದಿಟ್ಟರು.

"ಇದರಲ್ಲಿ ಏನು ಕಾಣುತ್ತೆ, ಹೇಳಿ."

ಅವರು ಒಂದು ಕಣ್ಣು ಮುಚ್ಚಿ, ಲೂಪನ್ನು ಮಾರುದ್ದ ದೂರ ಹಿಡಿದು, ಇನ್ನೊಂದು ಕೈಯ ಉಂಗುರವನ್ನು ಅದರ ಆಚೆ ಓಲಾಡಿಸಿದರು. "ಏನೋ ದೊಡ್ಡ ಬೆಟ್ಟ ಥರ ಇದೆ. ಓ, ನನ್ನ ಹೆಬ್ಬೆರಳು! ಮೇಡಂ, ಕಲ್ಲೆಲ್ಲಿ?"

ಅಳಿಯ ಕಿಸಕ್ಕನೆ ನಕ್ಕ. ಅತ್ತೆ ನಗಲಿಲ್ಲ. ಬಿಗಿಯಾಗಿ ಮುಚ್ಚಿದ ಆ ಕಣ್ಣನ್ನೇ ನೋಡುತ್ತಿದ್ದರು. ಮೋಸ ಮಾಡುವವರ ಕಣ್ಣಲ್ಲ ಅದು.

"ಎಲ್ಲಿ ತಗೊಂಡ್ರಿ?"

"ಎದುರು ಸಾಲಿನ ಅಂಗಡೀಲಿ. ನಿಮ್ಮಲ್ಲೇ ಕೊಂಡರೆ ಬೆಲೆ ನಿಮಗೆ ಗೊತ್ತಾಗಿ ಬಿಡುತ್ತಲ್ಲ! ಅಂಗಡಿಯವನು ವಜ್ರ ಅಂತ ಆಣೆ ಇಟ್ಟ. ಯಾಕೆ, ಅಲ್ವಾ?"

"ಅಲ್ಲ."

ಅವರ ಕಿವಿ ಕೆಂಪಾಯಿತು. "ಅವನ ಗಲ್ಲಾ ಮುರೀತೀನಿ!"

"ಲೂಪ್ ಹಿಡಿಯಕ್ಕೆ ಬಾರದವರು ಗಲ್ಲಾ ಏನು ಮುರೀತೀರಿ? ನಡೀರಿ, ನಾನೂ ಬರ್ತೀನಿ. ಎರಡು ಗೆರೆ ಅವನಿಗೇ ತೋರಿಸ್ತೀನಿ." ಅತ್ತೆ ಉಂಗುರವನ್ನು ಮತ್ತೆ ಬೆರಳಿಗೇರಿಸಿದರು.

"ಅತ್ತೆ, ಅದು ವಾಪಸ್ ಕೊಡಕ್ಕಾ, ಇಟ್ಕೊಳಕ್ಕಾ?"

"ಕಲ್ಲು ವಾಪಸ್," ಎನ್ನುತ್ತ ಅತ್ತೆ ಬೇಕರಿಯವರ ಮೀಸೆಯ ಹಿಟ್ಟನ್ನು ವಜ್ರ ಒರೆಸುವ ಬಟ್ಟೆಯಿಂದಲೇ ಒರೆಸಿದರು. "ಇವರು ಇರ್ಲಿ."