ಐದನೇ ಕಾಲಂ

ಲಿಫ್ಟ್ ರಿಪೇರಿ ಕಂಪನಿಯ ಮೀಟಿಂಗ್ ರೂಮಿನಲ್ಲಿ ಕುರ್ಚಿಗಳು ಮೆತ್ತಗಿದ್ದವು. ಮೇಸ್ತ್ರಿಗೆ ಅಲ್ಲೇ ಮೊದಲ ಸಿಟ್ಟು ಬಂತು. ಕೆಳಗೆ ವರ್ಕ್‌ಶಾಪಿನಲ್ಲಿ ಮೂರು ಕಾಲಿನ ಸ್ಟೂಲಿಗಾಗಿ ಆರು ತಿಂಗಳಿಂದ ಅರ್ಜಿ ಹಾಕಿ ಕೂತಿದ್ದ ಅವನು, ಇಲ್ಲಿ ಕೂತರೆ ಎದ್ದೇಳಲು ಯಾರಾದರೂ ಕೈ ಕೊಡಬೇಕಾಗುವಂಥ ಕುರ್ಚಿಗಳನ್ನು ಕಂಡು ಹಲ್ಲು ಕಚ್ಚಿದ.

ಅವನಿಗೆ ಇಪ್ಪತ್ತೇಳು ವರ್ಷ. ಎಂಟನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಲಿಫ್ಟಿನ ಕೆಳಗಿನ ಗುಂಡಿಗಳಿಗೆ ಇಳಿದು ಗ್ರೀಸ್ ಒರೆಸುತ್ತಾ ಬೆಳೆದವನು. ಈಗ ಹನ್ನೊಂದು ಮೆಕ್ಯಾನಿಕ್‌ಗಳ ಮೇಸ್ತ್ರಿ. ಅವನನ್ನು ಮೇಲೆ ಕರೆಸಿದ್ದಕ್ಕೆ ಕಾರಣವಿತ್ತು. ಕಂಟ್ರೋಲ್ ರೂಮಿಗೆ ಒಬ್ಬರು ಬೇಕಾಗಿತ್ತು. ಜನ ಸಿಕ್ಕಿಕೊಂಡ ಲಿಫ್ಟಿನಿಂದ ಬರುವ ಫೋನ್ ಎತ್ತಬೇಕು, ಹತ್ತಿರವಿರುವ ಮೆಕ್ಯಾನಿಕ್‌ನನ್ನು ಕಳಿಸಬೇಕು, ಯಾರು ಯಾವ ಕಟ್ಟಡದ ಗುಂಡಿಯಲ್ಲಿ ಇಳಿದಿದ್ದಾರೆ ಎಂದು ಬೋರ್ಡಿನ ಮೇಲೆ ಬರೆದಿಡಬೇಕು. ಹದಿನಾಲ್ಕು ಅರ್ಜಿ ಬಂದಿದ್ದವು. ಹೆಸರು, ಫೋಟೋ, ವಿಳಾಸಗಳನ್ನು ಎಚ್‌ಆರ್ ಮೇಡಂ ಮುಚ್ಚಿ ಬರೀ ನಂಬರ್ ಕೊಟ್ಟಿದ್ದರು. ಮ್ಯಾನೇಜರು ಮತ್ತು ಮೇಸ್ತ್ರಿ ಬೇರೆ ಬೇರೆ ಕೂತು ಅಂಕ ಹಾಕಿಯಾಗಿತ್ತು. ಮೊದಲ ಮೂವರಿಗೆ ಸಂದರ್ಶನ.

ಅಂಕದ ಹಾಳೆಯಲ್ಲಿ ಐದು ಕಾಲಂ, ಒಂದೊಂದಕ್ಕೂ ಹತ್ತು. ಫೋನ್ ನಿಭಾಯಿಸಿದ ಅನುಭವ. ಏಕಕಾಲಕ್ಕೆ ಹಲವು ಜನರನ್ನು ಕೆಲಸಕ್ಕೆ ಹಚ್ಚಿದ್ದು. ದಾಖಲೆ ಇಟ್ಟ ಅಭ್ಯಾಸ. ಪಾಳಿಯಲ್ಲಿ ದುಡಿದದ್ದು. ಐದನೆಯದು, ‘ನಮ್ಮ ವಾತಾವರಣಕ್ಕೆ ಹೊಂದಿಕೆ.’

ಮೇಸ್ತ್ರಿ ಆ ಕಾಲಂನಲ್ಲಿ ಎಲ್ಲರಿಗೂ ಐದೈದು ಹಾಕಿದ್ದ. ವಾತಾವರಣ ಎಂದರೆ ಅವನಿಗೆ ಮಳೆ ಬಿಸಿಲು ಅಷ್ಟೇ.

ಮೇಡಂ ಎರಡೂ ಹಾಳೆ ಕೂಡಿಸಿ ಓದಿದರು. “ಒಂಬತ್ತನೇ ನಂಬರ್ ಮೊದಲು. ಆಮೇಲೆ ನಾಲ್ಕು. ಮೂರನೇ ಸ್ಥಾನಕ್ಕೆ ಎರಡನೇ ನಂಬರ್. ಏಳನೇ ನಂಬರ್ ಮೂರೇ ಅಂಕದಲ್ಲಿ ಹೊರಗೆ.”

ಮೇಸ್ತ್ರಿ ಎದ್ದು ನಿಂತ. ಕುರ್ಚಿ ಬಿಡಲಿಲ್ಲ, ಎರಡನೇ ಸಲಕ್ಕೆ ಬಿಟ್ಟಿತು.

“ಏಳು ಹೊರಗಾ? ಹೇಗೆ?”

“ಕೂತ್ಕೊಳ್ಳಪ್ಪ ಮೇಸ್ತ್ರಿ,” ಎಂದರು ಮ್ಯಾನೇಜರು. ಒಳ್ಳೆಯ ಮನುಷ್ಯ, ಎಲ್ಲರ ಹುಟ್ಟುಹಬ್ಬ ನೆನಪಿಟ್ಟು ಕೇಕ್ ತರಿಸುವವರು. “ಅನುಭವ ಇದೆ, ನಾನೂ ಒಳ್ಳೆ ಅಂಕ ಕೊಟ್ಟಿದ್ದೀನಿ. ಆದ್ರೆ ನಮ್ಮವರ ಜೊತೆ ಸೇರೋ ಆಸಾಮಿ ಅಲ್ಲ.”

“ಐದನೇದರಲ್ಲಿ ಎಷ್ಟು ಕೊಟ್ರಿ?”

“ಎರಡು.”

“ಎರಡನೇ ನಂಬರಿಗೆ?”

“ಒಂಬತ್ತು.”

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಏಳನೇ ನಂಬರಿನ ಅರ್ಜಿ ಅವನಿಗೆ ಬಾಯಿಪಾಠವಾಗಿತ್ತು. ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಆರು ವರ್ಷ. ಒಂದು ಪಾಳಿಗೆ ಹದಿನೈದು ವಾಹನ. ಅದರೊಳಗೊಂದು ಸಾಲು ಅವನ ಎದೆಗೆ ನಾಟಿಕೊಂಡಿತ್ತು: ‘ಲಾರಿಯ ಅಡಿಗೆ ಇಳಿದ ಮೆಕ್ಯಾನಿಕ್ ಸ್ವತಃ ಫೋನ್ ಮಾಡಿ ಹೊರಬಂದೆ ಎನ್ನುವವರೆಗೆ ಬೋರ್ಡಿನಿಂದ ಅವರ ಹೆಸರು ಅಳಿಸುತ್ತಿರಲಿಲ್ಲ.’

ಆ ಸಾಲು ನಾಟಲು ಕಾರಣ ಕೆಳಗೆ ಸ್ಟೋರಿನಲ್ಲಿ ಕೂತಿತ್ತು. ಮೇಸ್ತ್ರಿಯ ಅಕ್ಕನ ಗಂಡ. ಎರಡು ವರ್ಷದ ಹಿಂದೆ ಭಾವ ಒಂದು ಹಳೇ ಕಟ್ಟಡದ ಮಶಿನ್ ರೂಮಿನಲ್ಲಿ ರಾಟೆಗೆ ಹೊಸ ಹಗ್ಗ ಕೂರಿಸುತ್ತಿದ್ದ. ಕೆಳಗಿನ ಕರೆಂಟ್ ಪೆಟ್ಟಿಗೆಗೆ ಬೀಗ ಹಾಕಲು ಕೊಕ್ಕೆಯೇ ಇರಲಿಲ್ಲ, ಕರೆಂಟ್ ತೆಗೆದು ‘ಹಾಕಬೇಡಿ’ ಎಂದು ಚೀಟಿ ಅಂಟಿಸಿ ಹೋಗಿದ್ದ, ಚೀಟಿ ಉದುರಿತು. ಕಂಟ್ರೋಲ್ ರೂಮಿನಲ್ಲಿ ಆಗ ಇದ್ದವನಿಗೆ ಎಲ್ಲರೂ ನಗುಮೊಗ ಎನ್ನುತ್ತಿದ್ದರು. ಭಾವನ ಹೆಸರನ್ನು ಅವನು ಬೋರ್ಡಿನಲ್ಲಿ ಬರೆದಿರಲಿಲ್ಲ. ಅದೇ ಕಟ್ಟಡದಿಂದ ಇನ್ನೊಂದು ದೂರು ಬಂದಾಗ ಮತ್ತೊಬ್ಬ ಮೆಕ್ಯಾನಿಕ್‌ನನ್ನು ಕಳಿಸಿದ. ಬಂದವನು ಕರೆಂಟ್ ಹಾಕಿದ. ಭಾವನ ಎಡಗೈಯ ಎರಡು ಬೆರಳು ರಾಟೆಗೆ ಹೋದವು. ಈಗ ಸ್ಟೋರಿನಲ್ಲಿ ಬೋಲ್ಟು ಎಣಿಸಿ ಕೊಡುವ ಕೆಲಸ.

“ನಗುಮೊಗನಿಗೆ ಇದೇ ಐದನೇ ಕಾಲಂನಲ್ಲಿ ಎಷ್ಟು ಕೊಟ್ಟಿದ್ರಿ ಸಾರ್?” ಎಂದು ಕೇಳಿದ ಮೇಸ್ತ್ರಿ.

ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ?”

“ಹತ್ತು,” ಎಂದರು ಮೇಡಂ. ಹಳೇ ಫೈಲನ್ನು ಅವರು ಜೊತೆಗೇ ತಂದಿದ್ದರು. “ಪಕ್ಕದಲ್ಲಿ ಷರಾ, ‘ಬ್ಯಾಡ್ಮಿಂಟನ್ ಆಡುತ್ತಾರೆ. ಲವಲವಿಕೆ.’”

“ಎರಡನೇ ನಂಬರ್ ಏನಾಡ್ತಾರೆ?” ಎಂದ ಮೇಸ್ತ್ರಿ.

ಅವನೇ ಅರ್ಜಿ ಎಳೆದುಕೊಂಡು ಓದಿದ. ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ಎರಡು ವರ್ಷ, ಫೋನ್ ಚೆನ್ನಾಗಿ ನಿಭಾಯಿಸಿದ್ದಾರೆ. ಕೊನೆಯಲ್ಲಿ ಹವ್ಯಾಸಗಳು: ಬ್ಯಾಡ್ಮಿಂಟನ್, ಪ್ರವಾಸ, ಹೊಸ ಗೆಳೆಯರನ್ನು ಮಾಡಿಕೊಳ್ಳುವುದು.

“ನೋಡಿ, ಇಲ್ಲೂ ಬ್ಯಾಡ್ಮಿಂಟನ್. ನಮ್ಮ ಹುಡುಗರ ಬೆರಳು ಹೋದ್ರೂ ಪರವಾಗಿಲ್ಲ, ನಿಮಗೆ ಡಬಲ್ಸ್‌ಗೆ ಜನ ಬೇಕು.”

“ಮಾತು ಅಳತೆ ಮೀರ್ತಾ ಇದೆ,” ಎಂದರು ಮ್ಯಾನೇಜರು. ಮುಖ ಕೆಂಪೇರಿತ್ತು. “ಇಲ್ಲಿ ದಿನಕ್ಕೆ ಎಂಟು ಗಂಟೆ ಒಟ್ಟಿಗೆ ಬದುಕಬೇಕಪ್ಪ. ಏಳನೇ ನಂಬರ್ ನೋಡು. ಒಂದು ಹವ್ಯಾಸ ಇಲ್ಲ. ಮಧ್ಯೆ ಎರಡು ವರ್ಷ ಕೆಲಸ ಇಲ್ಲ, ಮನೇಲಿ ಹಾಸಿಗೆ ಹಿಡಿದವರ ಆರೈಕೆ ಅಂತೆ. ಸಾಲದ್ದಕ್ಕೆ, ‘ನಿಯಮ ಮೀರಿ ವಾಹನ ಕಳಿಸಲು ಮೇಲಿನವರು ಹೇಳಿದಾಗ ಲಿಖಿತ ಆದೇಶ ಕೇಳಿದೆ’ ಅಂತ ಹೆಮ್ಮೆಯಿಂದ ಬರ್ಕೊಂಡಿದ್ದಾರೆ. ಜಗಳಗಂಟರು ಅಂತ ನನ್ನ ಒಳಮನಸ್ಸು ಹೇಳ್ತು.”

“ನಿಮ್ಮ ಒಳಮನಸ್ಸಿಗೂ ಒಂದು ನಂಬರ್ ಕೊಟ್ಟು ಅಂಕ ಹಾಕೋಣ್ವಾ?”

ಮೇಡಂ ನಗು ತಡೆದುಕೊಂಡರು. ಆಮೇಲೆ ಹಾಳೆಯನ್ನು ಮೇಜಿನ ನಡುವೆ ಇಟ್ಟರು. ಅವರ ದನಿ ಎಂದೂ ಏರುತ್ತಿರಲಿಲ್ಲ.

“ಸಾರ್, ಲಿಖಿತ ಆದೇಶ ಕೇಳಿದ್ದು ಈ ಕೆಲಸಕ್ಕೆ ಬೇಕಾದ ಗುಣವೋ ಬೇಡದ ಗುಣವೋ? ಅದನ್ನ ಮೊದಲು ಹೇಳಿ.”

ಮ್ಯಾನೇಜರು ಯೋಚಿಸಿದರು. “ಬೇಕು,” ಎಂದರು, ಹಲ್ಲಿನ ವೈದ್ಯರ ಮುಂದೆ ಬಾಯಿ ತೆರೆದವರ ಹಾಗೆ.

“ಹಾಗಿದ್ರೆ ಅದು ದಾಖಲೆಯ ಕಾಲಂಗೆ ಸೇರ್ಬೇಕು, ಅಲ್ಲಿ ಅಂಕ ಏರ್ಬೇಕು. ನೀವು ಅಲ್ಲಿ ಒಳ್ಳೆ ಅಂಕ ಕೊಟ್ಟೇ ಇದ್ದೀರ. ಅದೇ ಸಾಲಿಗೆ ಇಲ್ಲಿ ಕಿತ್ಕೊಂಡಿದ್ದೀರ. ಮನೆಯವರ ಆರೈಕೆ ಮಾಡಿದ್ದಕ್ಕೂ ಫೋನ್ ಎತ್ತೋದಕ್ಕೂ ಸಂಬಂಧ ಇಲ್ಲ. ಹವ್ಯಾಸಕ್ಕೂ ಇಲ್ಲ.”

“ಜೊತೆಯವರ ಹತ್ರ ಹೇಗಿರ್ತಾರೆ ಅನ್ನೋದು ಬೇಡ್ವೇ ಬೇಡ್ವಾ ಹಾಗಾದ್ರೆ?”

“ಬೇಕು. ಲಿಫ್ಟಲ್ಲಿ ಸಿಕ್ಕಿಕೊಂಡು ಅಳೋರ ಹತ್ರ ಸಮಾಧಾನವಾಗಿ ಮಾತಾಡ್ತಾರಾ, ಪಾಳಿ ಬಿಡುವಾಗ ಮುಂದಿನವರಿಗೆ ಎಲ್ಲಾ ಹೇಳಿ ಹೋಗ್ತಾರಾ, ಇದೆಲ್ಲ ಬೇಕು. ಅದು ಕಾಗದದಲ್ಲಿ ಇದ್ರೆ ಅಂಕ. ಇಲ್ದಿದ್ರೆ ಸಂದರ್ಶನದಲ್ಲಿ ಮೂವರಿಗೂ ಒಂದೇ ಪ್ರಶ್ನೆ. ಕಾಗದದಲ್ಲಿ ಇಲ್ಲದ್ದನ್ನ ನಾವೇ ಊಹೆ ಮಾಡ್ಕೊಂಡು ಕೂಡ್ಸೋದೂ ಬೇಡ, ಕಳೆಯೋದೂ ಬೇಡ. ಒಂದೊಂದು ಅಂಕದ ಪಕ್ಕದಲ್ಲೂ ಯಾವ ಸಾಲು ನೋಡಿ ಕೊಟ್ಟಿದ್ದು ಅಂತ ಬರೀಬೇಕು. ಐದನೇ ಕಾಲಂಗೆ ಸಾಲೇ ಇಲ್ಲ. ತೆಗೀತೀನಿ.”

ಮೇಸ್ತ್ರಿ ಮೇಜಿಗೆ ಅಂಗೈ ಬಡಿದ. “ಬಾಯಿಗೆ ಸಕ್ಕರೆ ಹಾಕ್ಬೇಕು ನಿಮಗೆ.”

“ತಾಳಿ,” ಎಂದರು ಮ್ಯಾನೇಜರು. ನೊಂದಿದ್ದರು, ಆದರೆ ಪೆದ್ದರಲ್ಲ. “ಸಾಲು ತೋರ್ಸೋ ನಿಯಮ ನನಗೊಬ್ಬನಿಗೇನಾ? ಮೇಸ್ತ್ರಿ ನಾಲ್ಕನೇ ನಂಬರಿಗೆ ಫೋನ್ ಅನುಭವಕ್ಕೆ ಒಂಬತ್ತು ಕೊಟ್ಟಿದ್ದಾನೆ. ಸಾಲು ತೋರಿಸಲಿ.”

ಮೇಡಂ ನಾಲ್ಕನೇ ಅರ್ಜಿಯನ್ನು ಮೇಸ್ತ್ರಿಯ ಕಡೆ ತಳ್ಳಿದರು.

ಅವನಿಗೆ ಅದೂ ಬಾಯಿಪಾಠವೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು. ಗ್ಯಾರೇಜು, ವೆಲ್ಡಿಂಗು, ಪಂಪ್ ರಿಪೇರಿ. ‘ಯಾವ ಕೆಲಸ ಕೊಟ್ಟರೂ ಹಿಂದೆ ಸರಿದವನಲ್ಲ.’ ಓದುವಾಗ ಮೇಸ್ತ್ರಿಯ ಕಣ್ಣು ತೇವವಾಗಿತ್ತು. ಯಾರೋ ತನ್ನದೇ ಕಥೆ ಕದ್ದು ಬರೆದಂತಿತ್ತು. ಈಗ ಅವನು ಮೇಲಿಂದ ಕೆಳಗೆ ಬೆರಳಾಡಿಸಿದ. ಕೆಳಗಿಂದ ಮೇಲೆ ಆಡಿಸಿದ. ಫೋನ್ ಎಂಬ ಮಾತು ಒಂದೇ ಕಡೆ ಇತ್ತು. ಗ್ಯಾರೇಜಿನಲ್ಲಿ ಗಿರಾಕಿಗಳಿಗೆ ಗಾಡಿ ಸಿದ್ಧವಾಗಿದೆ ಎಂದು ಫೋನ್ ಮಾಡುತ್ತಿದ್ದುದು, ಒಂದು ವರ್ಷ.

“ಕಷ್ಟಪಟ್ಟು ಮೇಲೆ ಬಂದವರು,” ಎಂದ. ದನಿಯಲ್ಲಿ ದಮ್ಮಿರಲಿಲ್ಲ.

“ಅದು ಯಾವ ಕಾಲಂ?” ಎಂದರು ಮೇಡಂ.

ಹೊರಗೆ ಯಾರೋ ಜೆರಾಕ್ಸ್ ಮಶಿನ್ನಿಗೆ ಬಯ್ಯುತ್ತಿದ್ದರು. ಮೇಸ್ತ್ರಿಗೆ ಮೇಡಂ ಮೇಲೆ ಸಿಟ್ಟು ಬಂತು, ಮ್ಯಾನೇಜರ ಮೇಲೆ ಬಂತು, ಹಾಗೇ ತಿರುಗಿ ಬಂದು ತನ್ನ ಮೇಲೆಯೇ ಕೂತಿತು. ಮ್ಯಾನೇಜರು ಬ್ಯಾಡ್ಮಿಂಟನ್ ನೋಡಿ ನಮ್ಮವನು ಎಂದುಕೊಂಡಿದ್ದರು. ತಾನು ಏಳನೇ ಕ್ಲಾಸು ನೋಡಿ ನಮ್ಮವನು ಎಂದುಕೊಂಡಿದ್ದ. ಅವರ ಐದನೇ ಕಾಲಂ ಕಣ್ಣಿಗೆ ಕಾಣುವ ಹಾಗಿತ್ತು. ತನ್ನದು ಮೊದಲನೇ ಕಾಲಂ ಒಳಗೆ ಅಡಗಿ ಕೂತಿತ್ತು.

“ಇಳಿಸಿದ್ರೆ ಏನಾಗುತ್ತೆ?” ಎಂದು ಕೇಳಿದ.

ಮೇಡಂ ಕೂಡಿ ನೋಡಿದರು. “ಐದನೇ ಕಾಲಂ ತೆಗೆದ್ರೆ ಏಳನೇ ನಂಬರ್ ನಾಲ್ಕು ಅಂಕದಲ್ಲಿ ಎರಡನೇ ನಂಬರನ್ನ ದಾಟುತ್ತೆ, ಒಳಗೆ ಬರುತ್ತೆ. ಆ ಒಂದು ವರ್ಷಕ್ಕೆ ತಕ್ಕ ಹಾಗೆ ನೀನು ಒಂಬತ್ತು ಅಂಕನ ಮೂರು ಮಾಡಿದ್ರೆ ನಾಲ್ಕನೇ ನಂಬರ್ ಹೊರಗೆ. ಆ ಜಾಗಕ್ಕೆ ಎರಡನೇ ನಂಬರ್ ಮತ್ತೆ ಒಳಗೆ.”

“ಬ್ಯಾಡ್ಮಿಂಟನ್ನೇ?”

“ಹೋಟೆಲಿನ ಫೋನ್ ಅನುಭವ. ಸಾಲು ಇದೆ.”

ಮೇಸ್ತ್ರಿ ಪೆನ್ನು ತೆಗೆದುಕೊಂಡ. ಒಂಬತ್ತರ ಮೇಲೆ ಅಡ್ಡಗೆರೆ ಎಳೆದ. ಕಾಗದ ಸ್ವಲ್ಪ ಹರಿಯಿತು. ಮೂರು ಬರೆದ. ಪಕ್ಕದಲ್ಲಿ ಬರೆದ, ‘ಗ್ಯಾರೇಜ್, ಗಿರಾಕಿಗೆ ಫೋನ್, ಒಂದು ವರ್ಷ.’

“ಮೆಕ್ಯಾನಿಕ್ ಕೆಲಸ ಖಾಲಿ ಆದ ದಿನ ಈ ನಾಲ್ಕಕ್ಕೆ ಮೊದಲು ಕಾಗದ ಹೋಗ್ಬೇಕು,” ಎಂದ. “ವೆಲ್ಡಿಂಗಿಗೆ, ಪಂಪಿಗೆ ಸಾಲಿದೆ. ತೋರಿಸ್ತೀನಿ.”

“ಬರ್ಕೊಂಡೆ,” ಎಂದರು ಮೇಡಂ. “ಈಗ ಮೂವರಿಗೂ ಕೇಳೋ ಪ್ರಶ್ನೆ ನೀನೇ ಒಂದು ಬರಿ. ಗುಂಡಿಗೆ ಇಳಿಯೋರು ನಿಮ್ಮವರು.”

ಅವನ ಅಕ್ಷರ ದಪ್ಪ, ಓರೆಕೋರೆ. ಬಹಳ ಹೊತ್ತು ಹಿಡಿಯಿತು. ಬರೆದು ಮುಗಿಸಿ ಮ್ಯಾನೇಜರ ಮುಂದಿಟ್ಟ: ‘ಮೆಕ್ಯಾನಿಕ್ ಹೊರಗೆ ಬಂದೆ ಎಂದು ಫೋನ್ ಮಾಡಿಲ್ಲ. ಕಟ್ಟಡದವರು ಕೂಗಾಡುತ್ತಿದ್ದಾರೆ. ಲಿಫ್ಟ್ ಶುರುಮಾಡಿಸಿ ಎಂದು ಮ್ಯಾನೇಜರು ಹೇಳುತ್ತಾರೆ. ನೀವು ಏನು ಮಾಡುತ್ತೀರಿ?’

ಮ್ಯಾನೇಜರು ಓದಿದರು. ಮತ್ತೊಮ್ಮೆ ಓದಿದರು. “ಮ್ಯಾನೇಜರು ಅನ್ನೋ ಪದ ಬೇಡ. ಮೇಲಿನವರು ಅಂತ ಹಾಕು.”

“ಹಾಕಲ್ಲ ಸಾರ್.”

ಮ್ಯಾನೇಜರು ಮೇಡಂ ಮುಖ ನೋಡಿದರು. ಮೇಡಂ ಕಿಟಕಿ ನೋಡಿದರು. ಕೊನೆಗೆ ಮ್ಯಾನೇಜರು ಹಾಳೆಯ ಕೆಳಗೆ ಸಹಿ ಹಾಕಿದರು.

ಕೆಳಗೆ ಸ್ಟೋರಿನಲ್ಲಿ ಭಾವ ಬಲಗೈಯಲ್ಲಿ ವಾಷರ್ ಎಣಿಸಿ, ಎಡಗೈಯ ಮೂರು ಬೆರಳಿನಿಂದ ಡಬ್ಬಿಗೆ ಸರಿಸುತ್ತಿದ್ದ.

“ಮುಖ ಯಾಕೋ ಹಾಗಿದೆ? ಸೋತ್ಯಾ?”

“ಏಳು ಒಳಗೆ ಬಂತು ಭಾವ.”

“ಮತ್ತಿನ್ನೇನು? ಸ್ವೀಟ್ ಕೊಡ್ಸು.”

“ನಾಲ್ಕು ಹೋಯ್ತು. ನಾನೇ ತೆಗೆದೆ.”

“ಯಾರದು ನಾಲ್ಕು?”

“ಗೊತ್ತಿಲ್ಲ. ಹೆಸರು ಮುಚ್ಚಿದ್ರು.” ಮೇಸ್ತ್ರಿ ಒಂದು ವಾಷರ್ ಎತ್ತಿ ತೂತಿನಲ್ಲಿ ಇಣುಕಿ ನೋಡಿದ. “ಬೋರ್ಡ್ ನೋಡ್ಕೊಳ್ಳೋಕೆ ಬರದೆ ಇರೋ ನನ್ನಂಥೋನು ಯಾರೋ.”

ಭಾವ ಎಣಿಕೆ ನಿಲ್ಲಿಸಿದ. ಅವನ ಕೈಯಿಂದ ವಾಷರ್ ತೆಗೆದುಕೊಂಡು ಡಬ್ಬಿಗೆ ಹಾಕಿದ, ಮೊದಲಿನಿಂದ ಎಣಿಸತೊಡಗಿದ.