ಕರೆಂಟ್ ಹೋಗೋದರೊಳಗೆ

ಸೈಬರ್ ದಾಳಿಗಳ ತನಿಖೆ ಮಾಡುವ ರುಹೀನಾ ದಾವಣಗೆರೆಯಿಂದ ಬಂದು, ಹೊನ್ನಾಳಿಯಲ್ಲಿ ಬಸ್ಸಿಳಿದು ಕೇಬಲ್ ಇಂಟರ್‌ನೆಟ್ ಆಫೀಸಿನ ಮೆಟ್ಟಿಲು ಹತ್ತಿದಾಗ ಒಳಗೆ ಇಬ್ಬರಿದ್ದರು. ಒಬ್ಬರು ಮಾತಾಡುತ್ತಲೇ ಇದ್ದರು, ಇನ್ನೊಬ್ಬ ಬಾಯಿಯನ್ನೇ ಬಿಡುತ್ತಿರಲಿಲ್ಲ. ಮಾತಾಡುತ್ತಿದ್ದವರು ಮಾಲೀಕ ಮಹೇಶ್ವರಪ್ಪ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದವನು ಸರ್ವರ್ ನೋಡಿಕೊಳ್ಳುವ ಕೆಂಚೇಶ್.

“ನಮ್ಮ ಲಿನಕ್ಸ್ ಸರ್ವರ್‌ನಿಂದ ಊರೂರಿಗೆ ದಾಳಿ ಹೋಗ್ತಾ ಐತಂತೆ ಮೇಡಂ. ನಮಗೆ ಲೈನ್ ಕೊಟ್ಟೋರು ಮೇಲ್ ಹಾಕ್ಯಾರೆ. ಅಡ್ಮಿನ್ ಪಾಸ್‌ವರ್ಡ್ ಇರೋದು ಇವನೊಬ್ಬನ ಹತ್ರ. ಇವನೇ ಮಾಡಿರೋದು. ನೀವು ಹೂಂ ಅಂದ್ರೆ ಇವತ್ತೇ ಮನೆಗೆ ಕಳಿಸ್ತೀನಿ, ಪೊಲೀಸ್ ಕಂಪ್ಲೇಂಟೂ ಕೊಡ್ತೀನಿ.”

ಕೆಂಚೇಶ್ ತನ್ನ ಚಪ್ಪಲಿ ನೋಡಿಕೊಂಡ. ತಪ್ಪು ಮಾಡಿದವರ ಮೌನ ರುಹೀನಾಗೆ ಗೊತ್ತಿತ್ತು. ಅದರಲ್ಲಿ ಒಂದು ಚಡಪಡಿಕೆ ಇರುತ್ತದೆ. ಇದು ಅದಲ್ಲ. ಹಲವು ಸಲ ಹೇಳಿ, ಇನ್ನು ಹೇಳಿ ಏನು ಪ್ರಯೋಜನ ಎಂದು ಬಿಟ್ಟವನ ಮೌನ.

“ಆಫ್ ಮಾಡಿ ಆನ್ ಮಾಡೋಣ ಏನ್ರೀ? ಆಮೇಲೆ ನಿಧಾನಕ್ಕೆ ನೋಡಾಕೆ ಬರುತ್ತೆ.” ಮಹೇಶ್ವರಪ್ಪ ಸ್ವಿಚ್ಚಿಗೆ ಕೈ ಹಾಕಿಯೇಬಿಟ್ಟರು.

“ಸರ್! ಕೈ ತೆಗೀರಿ!”

ಅವರು ಹೌಹಾರಿ ಕೈ ತೆಗೆದರು. ಅಷ್ಟರಲ್ಲಿ ಫ್ಯಾನ್ ತಿರುಗುವುದು ನಿಂತಿತು. ಲೈನ್ ದುರಸ್ತಿಗೆ ಹನ್ನೊಂದರಿಂದ ಕರೆಂಟ್ ಇಲ್ಲವೆಂದು ಪೇಪರಿನಲ್ಲಿ ಬಂದಿತ್ತಂತೆ, ಯಾರೂ ಓದಿರಲಿಲ್ಲ.

“ಯುಪಿಎಸ್ ಎಷ್ಟು ಹೊತ್ತು ಬರುತ್ತೆ?”

“ದೊಡ್ಡದು ಸೂರಗೊಂಡನಕೊಪ್ಪದ ಜಾತ್ರೆಗೆ ಹೋಗೈತೆ. ಮೈಕ್‌ಸೆಟ್ಟಿನೋರು ಕೇಳಿದ್ರು, ಇಲ್ಲ ಅನ್ನಾಕೆ ಆಗ್ಲಿಲ್ಲ. ಈ ಸಣ್ಣದು ಏಳು ನಿಮಿಷ ಬರಬೌದು,” ಎಂದರು ಮಹೇಶ್ವರಪ್ಪ.

ರುಹೀನಾ ಗಡಿಯಾರದ ಸಮಯವನ್ನೂ ಸರ್ವರ್ ತೋರಿಸುತ್ತಿದ್ದ ಸಮಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೆಂಚೇಶ್ ಚೀಟಿಯಲ್ಲಿ ಬರೆದುಕೊಟ್ಟ ಪಾಸ್‌ವರ್ಡ್ ಒತ್ತಿ, ತಾನು ತಂದಿದ್ದ, ತನ್ನದೇ ಪ್ರೋಗ್ರಾಂಗಳಿದ್ದ ಡಿಸ್ಕನ್ನು ಸರ್ವರ್‌ಗೆ ಚುಚ್ಚಿದಳು. ಕಳ್ಳ ಹೊಕ್ಕ ಮೆಷಿನ್ನಿನ ಕಮಾಂಡುಗಳು ಸುಳ್ಳು ಹೇಳಬಹುದು. ಹದಿನಾರು ಜಿಬಿ ಮೆಮೊರಿಯ ನಕಲು ಅದೇ ಡಿಸ್ಕಿಗೆ ಇಳಿಯತೊಡಗಿತು. ಸಾಕ್ಷ್ಯ ಕೆಡಬಾರದೆಂದರೆ ಸರ್ವರ್‌ನ ಹಾರ್ಡ್ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಅವಳು ಬರೆಯುವಂತಿರಲಿಲ್ಲ.

“ಮೇಡಂ, ಹಾರ್ಡ್ ಡಿಸ್ಕ್ ಮೊದಲು ತೆಗೀರಿ. ಎಲ್ಲಾ ಇರೋದು ಅದ್ರಾಗೇ.”

“ಅದು ಕರೆಂಟ್ ಹೋದರೂ ಇರುತ್ತೆ ಸರ್. ಮೆಮೊರಿ ಇರಲ್ಲ.”

“ನೆಟ್ ಕೇಬಲ್ ಆದ್ರೂ ಕೀಳ್ಲಾ?”

“ಈಗಲೇ ಬೇಡ. ಕಿತ್ತರೆ ಒಳಗೆ ನುಗ್ಗಿದವನು ಎಲ್ಲಿಂದ ಮಾತಾಡ್ತಿದಾನೋ ಆ ಜಾಡೇ ಅಳಿಸಿಹೋಗುತ್ತೆ.”

ಮಹೇಶ್ವರಪ್ಪ ಹಣೆ ಗಂಟಿಕ್ಕಿದರು. ಮೊದಲು ಬಸವಾಪಟ್ಟಣದಲ್ಲಿ ಇಪ್ಪತ್ತು ವರ್ಷ ಮದುವೆ ಫೋಟೋ ತೆಗೆದವರು ಅವರು. ಮುಖ ಇದ್ದಕ್ಕಿದ್ದಂತೆ ಅರಳಿತು.

“ಓಹೋ! ಮಾಂಗಲ್ಯ ಕಟ್ಟೋದು ಮೊದಲು ತೆಗೀಬೇಕು. ಗ್ರೂಪ್ ಫೋಟೋ ಆಮೇಲೆ. ಕಲ್ಯಾಣಮಂಟಪ ಎಲ್ಲೂ ಓಡೋಗಲ್ಲ!”

“ಅಷ್ಟೇ ಸರ್.”

ಅಲ್ಲಿಂದ ಅವರು ಬದಲಾದರು. ಬಾಗಿಲಿಗೆ ಅಡ್ಡ ನಿಂತು, ಒಳಬಂದ ಗಿರಾಕಿಯೊಬ್ಬರಿಗೆ “ಮುಹೂರ್ತ ನಡೀತಾ ಐತ್ರೀ, ಹಿಂದಕ್ಕೆ ಸರೀರಿ!” ಎಂದು ಗದರಿದರು. ಆ ಮನುಷ್ಯ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತರು.

ಮೂರೂಕಾಲು ನಿಮಿಷಕ್ಕೆ ಮೆಮೊರಿಯ ನಕಲು ಮುಗಿಯಿತು. ಮುಂದೆ ತೆರೆದಿರುವ ಸಂಪರ್ಕಗಳು, ಅವುಗಳ ಹಿಂದೆ ಓಡುತ್ತಿದ್ದ ಪ್ರೋಗ್ರಾಂ ಪ್ರಕ್ರಿಯೆಗಳು, ಯಾರು ಲಾಗಿನ್ ಆಗಿದ್ದಾರೆಂಬುದು. ಒಂದು ಪ್ರಕ್ರಿಯೆ ಸಾವಿರಾರು ಹೊರಗಿನ ವಿಳಾಸಗಳ ಬಾಗಿಲು ತಟ್ಟುತ್ತಿತ್ತು. ಅದರ ಫೈಲ್ ಎಲ್ಲಿದೆ ಎಂದು ಕೇಳಿದರೆ, ಅಳಿಸಲಾಗಿದೆ ಎಂಬ ಉತ್ತರ. ಡಿಸ್ಕಿನ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಓಡುತ್ತಿರುವಷ್ಟು ಹೊತ್ತು ಮಾತ್ರ ಅದು ಕೈಗೆ ಸಿಗುತ್ತಿತ್ತು. ಓಡುತ್ತಿದ್ದಂತೆಯೇ, ಚಾಲ್ತಿಯಲ್ಲಿರುವ ಪ್ರಕ್ರಿಯೆಗಳನ್ನು ಲಿನಕ್ಸ್ ತೋರಿಸುವ ಪ್ರಾಕ್ ಫೋಲ್ಡರಿನ ಮೂಲಕ ಅದನ್ನೂ ನಕಲು ಮಾಡಿಕೊಂಡಳು. ಯುಪಿಎಸ್ ಕೀಂ ಕೀಂ ಎನ್ನತೊಡಗಿತು.

“ಸರ್, ಈ ಲಾಗಿನ್ ಬಂದಿರೋದು ಹೊರದೇಶದ ವಿಳಾಸದಿಂದ. ಬಳಸಿರೋದು ಅಡ್ಮಿನ್ ಹೆಸರಲ್ಲ. ‘ಸ್ಟುಡಿಯೋ’ ಅಂತ ಒಂದು ಹೆಸರು. ಯಾರದು?”

ಅಷ್ಟರಲ್ಲಿ ಯುಪಿಎಸ್ ಬ್ಯಾಟರಿ ಮುಗಿಯಿತು. ಸರ್ವರ್ ಆರಿಹೋಯಿತು. ಕೀಂ ಕೀಂ ಸದ್ದೂ ನಿಂತಿತು.

ಮಹೇಶ್ವರಪ್ಪ ಜೇಬಿನಿಂದ ವಿಸಿಟಿಂಗ್ ಕಾರ್ಡೊಂದನ್ನು ನಿಧಾನವಾಗಿ ತೆಗೆದು ಮೇಜಿನ ಮೇಲಿಟ್ಟರು. ಗುಲಾಬಿ ಬಣ್ಣ, ಅಂಚಿಗೆ ಚಿನ್ನದ ಗೆರೆ. ‘ನಿಮ್ಮ ಮದುವೆ ಆಲ್ಬಂ ಆನ್‌ಲೈನ್ ನೋಡಲು’ ಎಂಬ ಸಾಲಿನ ಕೆಳಗೆ ಸರ್ವರ್ ವಿಳಾಸವಿತ್ತು. ಬಳಕೆದಾರರ ಹೆಸರು ಸ್ಟುಡಿಯೋ, ಪಾಸ್‌ವರ್ಡೂ ಸ್ಟುಡಿಯೋ.

“ಎಷ್ಟು ಹಂಚಿದೀರಿ?”

“ಐನೂರು ಪ್ರಿಂಟ್ ಹಾಕ್ಸಿದ್ದೆ. ಜಗಳೂರಿನ ಒಂದು ಮದುವೇಲಿ ತಾಂಬೂಲದ ಚೀಲದಾಗೂ ಹಾಕಿಬಿಟ್ರು.” ಧ್ವನಿ ಸಣ್ಣಗಾಗಿತ್ತು. “ಲೇ ಕೆಂಚೇಶಾ, ನೀನಾದ್ರೂ ಹೇಳಬಾರದೇನೋ?”

“ಮೂರು ಸಲ ಹೇಳಿದ್ದೆ ಸರ್. ಆ ಹೆಸರಲ್ಲಿ ಬಂದೋರು ಆಲ್ಬಂ ಬಿಟ್ಟು ಬೇರೆ ಏನೂ ಮುಟ್ಟದಂಗೆ ಮಾಡ್ತೀನಿ ಅಂದೆ. ಗಿರಾಕಿಗೆ ಗೋಜಲು ಆಗುತ್ತೆ, ಬೇಡ ಅಂದ್ರಿ.”

ರುಹೀನಾ ತನ್ನ ಲ್ಯಾಪ್‌ಟಾಪಿನಲ್ಲಿ ಪ್ರತಿ ನಕಲಿನ ಹ್ಯಾಶ್ ತೆಗೆದು, ಅಂದರೆ ನಕಲು ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಂಖ್ಯೆ ತೆಗೆದು, ಒಂದೊಂದಾಗಿ ಬರೆದುಕೊಂಡಳು. ಹಾರ್ಡ್ ಡಿಸ್ಕಿನ ಸರದಿ ಈಗ, ಅದಕ್ಕೆ ಆತುರವಿರಲಿಲ್ಲ.

“ಮೇಡಂ,” ಮಹೇಶ್ವರಪ್ಪ ಹತ್ತಿರ ಬಂದು ಪಿಸುಗುಟ್ಟಿದರು, “ರಿಪೋರ್ಟಿನಾಗೆ ಆ ಕಾರ್ಡಿನ ಸುದ್ದಿ ಬರದಂಗೆ ಮಾಡಾಕೆ ಆಗುತ್ತಾ?”

ಅವಳು ಕಾರ್ಡನ್ನು ಎತ್ತಿ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಂಡಳು. ಆಮೇಲೆ ಅವರ ಮುಖವನ್ನೇ ನೋಡಿದಳು.

“ಬರೀರಿ ಬಿಡ್ರೀ,” ಎಂದರು ಕೊನೆಗೆ. ಕೆಂಚೇಶನ ಕಡೆ ತಿರುಗಿದರು. “ನೀನು ಮನೆಗೆ ಹೋಗೋದೇನೂ ಬೇಡ.”

“ಹೋಗ್ತೀನಿ ಸರ್, ಊಟಕ್ಕೆ,” ಎಂದು ಕೆಂಚೇಶ್ ಎದ್ದ. “ಬಂದು ಹೊಸ ಪಾಸ್‌ವರ್ಡ್ ಇಡ್ತೀನಿ. ನಿಮಗೆ ಮಾತ್ರ ಹೇಳಾಕಿಲ್ಲ.”